ಕೂದಲು ಉದುರಿದರೆ ಮೊದಲು ಯಾರ ಬಳಿ ಹೋಗಬೇಕು?

ಇಪ್ಪತ್ತಾರರ ಯುವತಿಯೊಬ್ಬಳಿಗೆ ಡೆಂಗಿ ಬಂದು ವಾಸಿಯಾಗಿದೆ ಎಂದಿಟ್ಟುಕೊಳ್ಳಿ. ಎರಡು ಮೂರು ತಿಂಗಳ ಬಳಿಕ ತಲೆಸ್ನಾನ ಮಾಡಿದರೆ ಹಿಡಿ ಹಿಡಿ ಕೂದಲು ಕೈಗೆ ಬರುತ್ತದೆ. ಗಾಬರಿಯಿಂದ ಆಕೆ ಹತ್ತಿರದ ಹೇರ್ ಕ್ಲಿನಿಕ್‌ಗೆ ಹೋದರೆ, ಅಲ್ಲಿ ಕ್ಯಾಮೆರಾದಲ್ಲಿ ನೆತ್ತಿ ತೋರಿಸಿ ಆರು ತಿಂಗಳ ಪ್ಯಾಕೇಜ್ ಕೊಡಬಹುದು. ಆದರೆ ಈ ಉದುರುವಿಕೆ ಹೆಚ್ಚಾಗಿ ತಾನಾಗಿಯೇ ನಿಲ್ಲುವಂಥದ್ದು. ಜ್ವರದ ಹೊಡೆತಕ್ಕೆ ಅನೇಕ ಕೂದಲುಗಳು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಜಾರುತ್ತವೆ. ಆ ವಿಶ್ರಾಂತಿ ಮುಗಿದಾಗ ಒಟ್ಟಿಗೇ ಉದುರುತ್ತವೆ. ಬುಡ ಜೀವಂತವಾಗಿರುವುದರಿಂದ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಂತು, ಹೊಸ ಕೂದಲು ಬರುತ್ತದೆ.

ಚರ್ಮರೋಗ ತಜ್ಞರು ಇದನ್ನು ಗುರುತಿಸುವುದು ಮುಖ್ಯವಾಗಿ ಮಾತುಕತೆಯಿಂದ. ಮೂರು ತಿಂಗಳ ಹಿಂದೆ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಕಟ್ಟುನಿಟ್ಟಿನ ಪಥ್ಯ ಏನಾದರೂ ಇತ್ತೇ ಎಂದು ಕೇಳುತ್ತಾರೆ. ಸುಮಾರು ಅರವತ್ತು ಕೂದಲುಗಳ ಎಳೆಯನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಆರಕ್ಕಿಂತ ಹೆಚ್ಚು ಕೂದಲು ಬಂದರೆ ಉದುರುವಿಕೆ ಜೋರಾಗಿದೆ ಎಂದರ್ಥ. ಅನುಮಾನವಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆಗೆ ಬರೆಯುತ್ತಾರೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು. ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು.

ಚರ್ಮರೋಗ ತಜ್ಞರು ಎಂಬಿಬಿಎಸ್ ನಂತರ ಚರ್ಮ, ಕೂದಲು, ಉಗುರುಗಳ ರೋಗಗಳನ್ನೇ ಓದಿದ ವೈದ್ಯರು. ಔಷಧ ಬರೆಯುವ, ನೆತ್ತಿಗೆ ಇಂಜೆಕ್ಷನ್ ಕೊಡುವ, ಚರ್ಮದ ಚೂರು ತೆಗೆದು ಬಯಾಪ್ಸಿಗೆ ಕಳಿಸುವ ಅಧಿಕಾರ ಅವರಿಗಿದೆ. ಟ್ರೈಕಾಲಜಿಸ್ಟ್ ಎಂಬುದು ವೈದ್ಯಕೀಯ ಪದವಿಯಲ್ಲ. ಕೂದಲು, ನೆತ್ತಿಯ ಆರೈಕೆ ಕುರಿತ ಸರ್ಟಿಫಿಕೇಟ್ ಕೋರ್ಸ್ ಮಾಡಿದವರು ಹಾಗೆ ಕರೆದುಕೊಳ್ಳಬಹುದು. ಕೆಲವು ಚರ್ಮರೋಗ ತಜ್ಞರೂ ಈ ಹೆಸರನ್ನು ಸೇರಿಸಿಕೊಳ್ಳುವುದರಿಂದ ಜನರಿಗೆ ಗೊಂದಲ.

ಟ್ರೈಕಾಲಜಿಸ್ಟ್‌ಗಳಿಗೆ ಕೆಲಸವಿಲ್ಲವೆಂದಲ್ಲ. ಸ್ಟ್ರೈಟನಿಂಗ್, ಬಣ್ಣ, ಬ್ಲೀಚ್‌ನಿಂದ ಕೂದಲು ನಡುವೆಯೇ ತುಂಡಾಗುತ್ತಿದ್ದರೆ, ಯಾವ ಶಾಂಪೂ, ಎಷ್ಟು ಬಾರಿ ಎಂಬುದೇ ಸಮಸ್ಯೆಯಾಗಿದ್ದರೆ, ಒಳ್ಳೆಯ ಟ್ರೈಕಾಲಜಿಸ್ಟ್ ಸಾವಧಾನವಾಗಿ ಕೂತು ದಾರಿ ತೋರಿಸುತ್ತಾರೆ.

ತಡಮಾಡಬಾರದ ಸ್ಥಿತಿಗಳೂ ಇವೆ. ನೆತ್ತಿಯಲ್ಲಿ ಉರಿ, ನೋವು, ಕೆಂಪು, ಕೀವು ಇದ್ದು, ಕೂದಲು ಹೋದ ಜಾಗ ನುಣುಪಾಗಿ ಹೊಳೆಯುತ್ತಾ ರಂಧ್ರಗಳೇ ಕಾಣದಿದ್ದರೆ ಬುಡವೇ ನಾಶವಾಗುತ್ತಿರಬಹುದು. ನಾಶವಾದ ಬುಡದಿಂದ ಮತ್ತೆ ಕೂದಲು ಹುಟ್ಟುವುದಿಲ್ಲ. ಔಷಧದಿಂದ ಉಳಿದದ್ದನ್ನು ಕಾಪಾಡಬಹುದಷ್ಟೆ. ಮಗುವಿನ ತಲೆಯಲ್ಲಿ ಹೊಟ್ಟೆದ್ದ ಬೋಳು ಮಚ್ಚೆ ಕಂಡರೆ ಹುಳುಕಡ್ಡಿಯ ಅನುಮಾನ ಬರಬೇಕು. ಅದು ಎಣ್ಣೆ, ಶಾಂಪೂಗಳಿಂದ ಹೋಗದು, ಹೊಟ್ಟೆಗೆ ತೆಗೆದುಕೊಳ್ಳುವ ಔಷಧವೇ ಬೇಕು. ನಾಣ್ಯದಗಲ ದಿಢೀರನೆ ಬೋಳಾದರೂ ಅಷ್ಟೇ, ಚರ್ಮರೋಗ ತಜ್ಞರನ್ನೇ ನೋಡಬೇಕು.

ಹಾಗಾಗಿ ಕಾರಣ ಗೊತ್ತಿಲ್ಲದಿದ್ದಾಗ ಮೊದಲ ಭೇಟಿ ಚರ್ಮರೋಗ ತಜ್ಞರದ್ದೇ ಆಗಲಿ. ಜಿಲ್ಲಾಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲೂ ತೋರಿಸಬಹುದು. ಪ್ಯಾಕೇಜ್‌ಗೆ ಹಣ ಕಟ್ಟುವ ಮುನ್ನ ಎದುರಿಗಿರುವವರ ಪದವಿ ಯಾವುದು, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಎಷ್ಟು ಎಂದು ಸಂಕೋಚವಿಲ್ಲದೆ ಕೇಳಿ.