“ಟ್ಯಾಗ್ ಇಲ್ಲ, ತಗೊಳ್ಳೋಕಾಗಲ್ಲ ಮೇಡಂ”

ಆನ್‌ಲೈನ್‌ನಲ್ಲಿ ತರಿಸಿದ ಬಟ್ಟೆಯನ್ನು ವಾಪಸ್ ಕೊಡಲು ಕಾದು ಕೂತಿರುತ್ತೀರಿ. ಪಿಕಪ್‌ಗೆ ಬಂದ ಹುಡುಗ ಕವರ್ ತೆರೆದು, ತಿರುಗಿಸಿ ನೋಡಿ, “ಟ್ಯಾಗ್ ಇಲ್ಲ, ತಗೊಳ್ಳೋಕಾಗಲ್ಲ ಮೇಡಂ” ಎಂದು ಹೊರಟುಬಿಡುತ್ತಾನೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡು ಎಷ್ಟೋ ಜನ ದುಡ್ಡು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಕಿಲ್ಲ.

ಆ ಹುಡುಗ ತನ್ನಿಷ್ಟದಂತೆ ತೀರ್ಮಾನ ಮಾಡುತ್ತಿಲ್ಲ. ಅವನ ಮೊಬೈಲ್ ಆ್ಯಪ್‌ನಲ್ಲಿ ವಸ್ತುವಿನ ಫೋಟೊ ಇರುತ್ತದೆ, ಜೊತೆಗೆ ಕೆಲವು ಪ್ರಶ್ನೆಗಳು: ಇದು ಅದೇ ಬಣ್ಣ, ಅದೇ ಸೈಜಾ? ಬ್ರ್ಯಾಂಡಿನ ಟ್ಯಾಗ್ ಇದೆಯಾ? ಬಳಸಿದ ಗುರುತಿದೆಯಾ? ಮುಖ್ಯವಾದ ಒಂದಕ್ಕೆ “ಇಲ್ಲ” ಎಂದು ಒತ್ತಿದರೆ ಸಾಮಾನ್ಯವಾಗಿ ಪಿಕಪ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಅವನೊಡನೆ ಜಗಳವಾಡಿ ಪ್ರಯೋಜನವಿಲ್ಲ. ಅದನ್ನು ಬದಲಿಸುವ ಅಧಿಕಾರ ಅವನಿಗಿಲ್ಲ. ಮಾತಾಡುವುದಿದ್ದರೆ ಅವನು ಒತ್ತುವ ಮೊದಲೇ ಮಾತಾಡಬೇಕು. ಕಿತ್ತುಬಂದ ಟ್ಯಾಗ್ ನಿಮ್ಮ ಬಳಿ ಇದ್ದರೆ ಆಗಲೇ ತಂದು ತೋರಿಸಿ. ಪ್ಯಾಕಿಂಗ್ ಬಗ್ಗೆ ತಕರಾರು ಬಂದರೆ ಯಾವುದು ಬೇಕೆಂದು ಕೇಳಿ. ಕೊರಿಯರ್‌ನ ಹೊರಗಿನ ಪ್ಲಾಸ್ಟಿಕ್ ಕವರ್ ಹರಿದಿದ್ದರೆ ಹೆಚ್ಚಿನ ಕಡೆ ತೊಂದರೆಯಾಗುವುದಿಲ್ಲ. ಆದರೆ ಶೂ, ಫೋನ್ ಮೊದಲಾದವುಗಳ ಕಂಪನಿ ಡಬ್ಬಿಯನ್ನು ಬಹುತೇಕ ಕೇಳುತ್ತಾರೆ.

ಇನ್ನು ವಾಪಸ್ ಕೊಡಲು ನೀವು ಆಯ್ಕೆ ಮಾಡಿದ ಕಾರಣದ ವಿಚಾರ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. 1,299 ರೂಪಾಯಿಯ ಒಂದು ಕುರ್ತಾ ಬಂದಿದೆ ಎನ್ನಿ. ತೋಳಿನ ಹೊಲಿಗೆ ಬಿಟ್ಟಿದೆ, ಟ್ಯಾಗ್ ಬಂದಾಗಲೇ ಇರಲಿಲ್ಲ. ಆ್ಯಪ್‌ನಲ್ಲಿ ಕಾರಣ ಕೇಳಿದಾಗ, ಫೋಟೊ ಹಾಕುವ ಗೋಜು ಬೇಡವೆಂದು “ಸೈಜ್ ಸರಿಯಿಲ್ಲ” ಎಂದು ಒತ್ತಿದಿರಿ. ಈಗ ಕಂಪನಿಯ ಲೆಕ್ಕದಲ್ಲಿ ಕುರ್ತಾ ಚೆನ್ನಾಗಿಯೇ ಇದೆ, ನಿಮಗೆ ಆಗಲಿಲ್ಲ, ಅಷ್ಟೆ. ಚೆನ್ನಾಗಿರುವ ಬಟ್ಟೆಯನ್ನು ಟ್ಯಾಗ್ ಸಮೇತ ಕೇಳುವುದು ಅವರ ನಿಯಮ. ಬೇಡವೆನ್ನಿಸಿದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ; ಅದು ಕಂಪನಿಯೇ ಕೊಟ್ಟ ಸೌಲಭ್ಯ. ಟ್ಯಾಗನ್ನು ನೀವೇ ಕತ್ತರಿಸಿ, ಆಮೇಲೆ ಬೇಡ ಅನ್ನಿಸಿದ್ದರೆ ಮನವಿ ಮಾಡಿಕೊಳ್ಳಬಹುದು, ಹಕ್ಕಿನಿಂದ ಕೇಳಲಾಗದು.

ದೋಷವಿರುವ ವಸ್ತುವಿನ ಮಾತೇ ಬೇರೆ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ದೋಷವಿರುವ, ನಕಲಿಯಾದ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ವಾಪಸ್ ಪಡೆಯಲು, ಅದರ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಆದ್ದರಿಂದ ಹೊಲಿಗೆ ಬಿಟ್ಟ ಕುರ್ತಾಕ್ಕೆ “ದೋಷವಿದೆ” ಎಂಬ ಕಾರಣವನ್ನೇ ಕೊಡಬೇಕು. ಮೊದಲು ತಪ್ಪು ಕಾರಣ ಕೊಟ್ಟಿದ್ದರೂ ವಾಪಸಾತಿಯ ಅವಧಿ ಮುಗಿಯುವ ಮುಂಚೆ ಹೊಸ ಕೋರಿಕೆ ಹಾಕಿ, ಅದಕ್ಕೆ ಅವಕಾಶ ಸಿಗದಿದ್ದರೆ ಗ್ರಾಹಕ ಸೇವೆಯ ಚಾಟ್‌ನಲ್ಲಿ ಬರೆಯಿರಿ.

ಪಿಕಪ್ ನಿಂತ ಕೂಡಲೇ ಆ್ಯಪ್ ತೆರೆದು ಏನೆಂದು ದಾಖಲಾಗಿದೆ ನೋಡಿ. “ಟ್ಯಾಗ್ ಇಲ್ಲ” ಎಂದಿದ್ದರೆ ಸರಿ. “ಗ್ರಾಹಕರೇ ರದ್ದು ಮಾಡಿದರು” ಅಥವಾ “ಮನೆಯಲ್ಲಿ ಯಾರೂ ಇರಲಿಲ್ಲ” ಎಂದಿದ್ದರೆ ಅದು ಸುಳ್ಳೆಂದು ಆಗಲೇ ತಿಳಿಸಿ, ಇಲ್ಲವಾದರೆ ಕೋರಿಕೆ ಮುಚ್ಚಿಹೋಗಬಹುದು. ಹುಡುಗ ಒಟಿಪಿ ಕೇಳಿದರೆ ಮೆಸೇಜನ್ನು ಪೂರ್ತಿ ಓದಿ. ಪಿಕಪ್‌ಗೋ, ರದ್ದು ಮಾಡುವುದಕ್ಕೋ ಎಂದು ಗೊತ್ತಾಗದೆ ಹೇಳಬೇಡಿ. ಪಿಕಪ್ ಆಯಿತೆಂಬ ಸಂದೇಶ ಬರುವ ತನಕ ವಸ್ತುವನ್ನೂ ಅವನ ಕೈಗೆ ಬಿಡಬೇಡಿ.

ಚಾಟ್‌ನಲ್ಲಿ ಉದ್ದುದ್ದ ಬರೆಯುವುದು ಬೇಡ. ನಮ್ಮ ಕುರ್ತಾದ ಮಟ್ಟಿಗೆ ಇಷ್ಟು ಸಾಕು: “ಎಡತೋಳಿನ ಹೊಲಿಗೆ ಬಿಟ್ಟಿದೆ. ಟ್ಯಾಗ್ ಇಲ್ಲದೆಯೇ ಬಂದಿತ್ತು. ಪಾರ್ಸೆಲ್ ಬಿಚ್ಚಿದ ದಿನದ ಫೋಟೊ ಇದೆ. ಟ್ಯಾಗ್ ಇಲ್ಲವೆಂದು ಇಂದು ಪಿಕಪ್ ನಿರಾಕರಿಸಿದ್ದಾರೆ. ಈ ವಿಷಯ ನಮೂದಿಸಿ ಮತ್ತೆ ಪಿಕಪ್ ಕಳಿಸಿ.” ಕೊನೆಯ ವಾಕ್ಯ ಬಿಡಬೇಡಿ. ಟ್ಯಾಗ್ ಇಲ್ಲದಿರುವುದು ಮೊದಲೇ ನಮೂದಾಗದಿದ್ದರೆ ಮುಂದೆ ಬರುವವನ ಮೊಬೈಲ್‌ನಲ್ಲೂ ಅದೇ ಪ್ರಶ್ನೆ ಬರುತ್ತದೆ. ಬಿಚ್ಚಿದ ದಿನದ ಫೋಟೊ ತೆಗೆದಿರದಿದ್ದರೆ ಈಗಲಾದರೂ ಹೊಲಿಗೆಯನ್ನು, ಕತ್ತಿನ ಒಳಗಿನ ಲೇಬಲನ್ನು, ಪಾರ್ಸೆಲ್ ಮೇಲಿನ ಆರ್ಡರ್ ಚೀಟಿಯನ್ನು ಹತ್ತಿರದಿಂದ ತೆಗೆದಿಡಿ. ಬೇರೆ ಯಾವುದೋ ಟ್ಯಾಗ್ ತಂದು ಕಟ್ಟುವುದು ಮಾತ್ರ ಬೇಡ. ಬಾರ್‌ಕೋಡ್ ತಾಳೆಯಾಗದಿದ್ದರೆ ವಸ್ತುವನ್ನೇ ಬದಲಿಸಿದ್ದೀರೆಂಬ ಅನುಮಾನ ನಿಮ್ಮ ಮೇಲೆ ಬರುತ್ತದೆ.

ಗ್ರಾಹಕ ಸೇವೆಯವರು ಹೇಳಿದ್ದನ್ನೇ ಹೇಳುತ್ತಿದ್ದರೆ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಅವರ ಹೆಸರು, ವಿಳಾಸವನ್ನು ವೆಬ್‌ಸೈಟ್‌ನಲ್ಲಿ ಹಾಕಿರಬೇಕು. 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ಅದೇ 2020ರ ನಿಯಮಗಳು ಹೇಳುತ್ತವೆ. ಅದೂ ಆಗದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ತೀರ್ಪು ಬೇಕೆಂದರೆ ನಿಮ್ಮದೇ ಜಿಲ್ಲೆಯ ಗ್ರಾಹಕ ಆಯೋಗವಿದೆ. ಕಂಪನಿ ಎಲ್ಲಿಯದಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.