ಶಿಶುಗಳ ಮೈಮೇಲಿನ ಗುಳ್ಳೆ ಮತ್ತು ದದ್ದು: ಮನೆಯಲ್ಲೇ ವಾಸಿಯಾಗುವವು ಯಾವುವು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದವು ಯಾವುವು

ಒಂದು ವರ್ಷದೊಳಗಿನ ಶಿಶುಗಳ ಮೈಮೇಲೆ ಕಾಣಿಸುವ ಬಹುತೇಕ ಗುಳ್ಳೆಗಳು ಔಷಧಿಯ ಅಗತ್ಯವಿಲ್ಲದೆ ವಾಸಿಯಾಗುತ್ತವೆ. ಕೆಲವು ಮಾತ್ರ ಗಂಭೀರ ಸೋಂಕಿನ ಚಿಹ್ನೆಗಳಾಗಿರುತ್ತವೆ. ಇವೆರಡರ ವ್ಯತ್ಯಾಸವನ್ನು ಪೋಷಕರು ಮನೆಯಲ್ಲೇ ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

1. ಸಾಮಾನ್ಯ ಗುಳ್ಳೆಗಳು

ಬೆವರುಸಾಲೆ: ಬೆವರಿನ ನಾಳಗಳು ಮುಚ್ಚಿಕೊಂಡು ಬೆವರು ಚರ್ಮದೊಳಗೇ ಉಳಿಯುವುದರಿಂದ ಸಣ್ಣ ಕೆಂಪು ಗುಳ್ಳೆಗಳು ಏಳುತ್ತವೆ. ಕುತ್ತಿಗೆಯ ಮಡಿಕೆ, ಕಂಕುಳು ಮತ್ತು ಬೆನ್ನಿನ ಮೇಲೆ ಹೆಚ್ಚಾಗಿ ಕಾಣಿಸುತ್ತವೆ. ಶಿಶುವಿನ ಮೈ ತಂಪಾಗಿದ್ದಲ್ಲಿ ಕೆಲವೇ ದಿನಗಳಲ್ಲಿ ಇಳಿಯುತ್ತವೆ.

ಹಾಲಿನ ಚುಕ್ಕೆ: ನವಜಾತ ಶಿಶುವಿನ ಮೂಗು ಮತ್ತು ಕೆನ್ನೆಗಳ ಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿ ಚುಕ್ಕೆಗಳಿರುತ್ತವೆ. ಇವುಗಳಿಗೂ ತಾಯಿಯ ಹಾಲಿಗೂ ಯಾವುದೇ ಸಂಬಂಧವಿರುವುದಿಲ್ಲ. ಕೆಲವು ವಾರಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಇವುಗಳನ್ನು ಹಿಸುಕಬಾರದು.

ಡಯಾಪರ್ ದದ್ದು: ಒದ್ದೆ ಡಯಾಪರ್ ಅಥವಾ ಲಂಗೋಟಿ ಬಹಳ ಹೊತ್ತು ಮೈಗೆ ತಗುಲಿದ್ದಾಗ ಮಲಮೂತ್ರದಿಂದ ಚರ್ಮ ಕೆಂಪಾಗುತ್ತದೆ. ಒದ್ದೆಯಾದ ಕೂಡಲೇ ಬದಲಿಸಿ, ನೀರಿನಿಂದ ತೊಳೆದು, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿದರೆ ಕೆಲವು ದಿನಗಳಲ್ಲಿ ಗುಣವಾಗುತ್ತದೆ. ಕೆಂಪು ಬಣ್ಣವು ತೊಡೆಸಂದಿನ ಮಡಿಕೆಯೊಳಗೂ ಹರಡಿ, ಸುತ್ತಲೂ ಬಿಡಿ ಬಿಡಿ ಚುಕ್ಕೆಗಳು ಎದ್ದಿದ್ದಲ್ಲಿ ಅದು ಶಿಲೀಂಧ್ರದ ಸೋಂಕಾಗಿರಬಹುದು. ಅದಕ್ಕೆ ವೈದ್ಯರು ಬೇರೆ ಮುಲಾಮು ನೀಡುತ್ತಾರೆ.

2. ಗಾಜಿನ ಲೋಟದ ಪರೀಕ್ಷೆ

ಸಾಮಾನ್ಯ ದದ್ದಿನಲ್ಲಿ ರಕ್ತವು ನಾಳಗಳ ಒಳಗೇ ಇರುತ್ತದೆ. ಆದ್ದರಿಂದ ಒತ್ತಿದಾಗ ರಕ್ತ ಸರಿದು ಕೆಂಪು ಬಣ್ಣ ಮಾಸುತ್ತದೆ. ಮೆನಿಂಗೊಕಾಕಲ್ ಸೋಂಕಿನಂತಹ ಗಂಭೀರ ಕಾಯಿಲೆಗಳಲ್ಲಿ ರಕ್ತವು ಸಣ್ಣ ನಾಳಗಳಿಂದ ಹೊರಗೆ ಸೋರಿರುತ್ತದೆ. ಅಂತಹ ಚುಕ್ಕೆಗಳು ಎಷ್ಟು ಒತ್ತಿದರೂ ಮಾಸುವುದಿಲ್ಲ.

ಪಾರದರ್ಶಕವಾದ ಗಾಜಿನ ಲೋಟದ ಪಕ್ಕವನ್ನು ದದ್ದಿನ ಮೇಲೆ ದೃಢವಾಗಿ ಒತ್ತಿ, ಗಾಜಿನ ಮೂಲಕವೇ ನೋಡತಕ್ಕದ್ದು. ಸ್ಟೀಲ್ ಲೋಟ ಇದಕ್ಕೆ ಉಪಯೋಗವಾಗುವುದಿಲ್ಲ. ಕಪ್ಪು ಮೈಬಣ್ಣದ ಶಿಶುಗಳಲ್ಲಿ ಚುಕ್ಕೆಗಳು ಸುಲಭವಾಗಿ ಕಾಣುವುದಿಲ್ಲವಾದ್ದರಿಂದ ಅಂಗೈ, ಅಂಗಾಲು ಮತ್ತು ಕೆಳರೆಪ್ಪೆಯ ಒಳಭಾಗವನ್ನೂ ಪರೀಕ್ಷಿಸಬೇಕು.

ಈ ಪರೀಕ್ಷೆಗೂ ಮಿತಿಯಿದೆ. ಗಂಭೀರ ಸೋಂಕಿನ ಆರಂಭದಲ್ಲಿ ದದ್ದು ಮಾಸಬಹುದು, ಅಥವಾ ದದ್ದೇ ಇಲ್ಲದಿರಬಹುದು. ಆದುದರಿಂದ ಚರ್ಮಕ್ಕಿಂತ ಮೊದಲು ಶಿಶುವಿನ ಸ್ಥಿತಿಯನ್ನು ಗಮನಿಸಬೇಕು.

3. ಉದಾಹರಣೆ

ಮೇ ತಿಂಗಳಿನಲ್ಲಿ ಕಲಬುರಗಿಯ ಐದು ತಿಂಗಳ ಶಿಶುವೊಂದರ ಕುತ್ತಿಗೆಯಲ್ಲಿ ಕೆಂಪು ಗುಳ್ಳೆಗಳು ಎದ್ದಿವೆ ಎಂದು ಭಾವಿಸೋಣ. ಶಿಶುವಿಗೆ ಟೋಪಿ ಹಾಕಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಪೌಡರ್ ಬಳಿಯಲಾಗಿದೆ. ಜ್ವರವಿಲ್ಲ, ಎಂದಿನಂತೆ ಹಾಲು ಕುಡಿಯುತ್ತಿದೆ, ಗಾಜು ಒತ್ತಿದಾಗ ಕೆಂಪು ಮಾಸುತ್ತದೆ. ಇದು ಬೆವರುಸಾಲೆ. ಟೋಪಿ ಹಾಗೂ ದಪ್ಪ ಬಟ್ಟೆ ತೆಗೆದು ತೆಳು ಹತ್ತಿ ಬಟ್ಟೆ ತೊಡಿಸಿ, ಮೈಯನ್ನು ತಂಪಾಗಿರಿಸಿದರೆ ಸಾಕು. ಪೌಡರ್ ಪುಡಿಯು ಶಿಶುವಿನ ಶ್ವಾಸಕೋಶಕ್ಕೆ ಹೋಗುವ ಅಪಾಯವಿರುವುದರಿಂದ ಅದನ್ನು ಬಳಸಬಾರದು.

ಅದೇ ಶಿಶುವಿಗೆ ಒಂದು ರಾತ್ರಿ 102 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದು, ಹಾಲು ನಿರಾಕರಿಸಿ, ಕೈಕಾಲು ತಣ್ಣಗಾಗಿ, ಕಾಲಿನ ಮೇಲೆ ಐದಾರು ನೇರಳೆ ಚುಕ್ಕೆಗಳು ಕಂಡವೆಂದಿಟ್ಟುಕೊಳ್ಳೋಣ. ಗಾಜು ಒತ್ತಿದರೂ ಅವು ಮಾಸುವುದಿಲ್ಲ. ಇದು ಬೆವರುಸಾಲೆಯಲ್ಲ. ಇಂತಹ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ತರಬಲ್ಲದು. ಬೆಳಗಾಗಲೆಂದು ಕಾಯದೆ, ಮುಲಾಮು ಹಚ್ಚಿ ನೋಡದೆ, ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

4. ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು

• ಗಾಜು ಒತ್ತಿದರೂ ಮಾಸದ ಚುಕ್ಕೆಗಳು
• ಮೂರು ತಿಂಗಳೊಳಗಿನ ಶಿಶುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ
• ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ಉಸಿರಾಟದ ತೊಂದರೆ, ಫಿಟ್ಸ್, ನೆತ್ತಿಯ ಸುಳಿ ಉಬ್ಬಿರುವುದು
• ಎರಡು ತಿಂಗಳೊಳಗಿನ ಶಿಶುವಿನಲ್ಲಿ ಕೀವು ತುಂಬಿದ ಅಥವಾ ನೀರು ತುಂಬಿದ ಗುಳ್ಳೆಗಳು
• ಜ್ವರ, ಕೆಮ್ಮು, ಕೆಂಪು ಕಣ್ಣುಗಳೊಂದಿಗೆ ಮುಖದಿಂದ ಕೆಳಕ್ಕೆ ಹರಡುವ ದದ್ದು. ಇದು ದಡಾರವಾಗಿರಬಹುದು.

5. ಲಭ್ಯವಿರುವ ಸೇವೆಗಳು

ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿದಲ್ಲಿ ಆಂಬ್ಯುಲೆನ್ಸ್ ಸೇವೆ ಉಚಿತವಾಗಿ ದೊರೆಯುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅಸ್ವಸ್ಥ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ನೀಡಲಾಗುತ್ತದೆ. ಲಸಿಕೆಗಳ ವಿವರವಿರುವ ತಾಯಿ ಕಾರ್ಡನ್ನು ಜೊತೆಗೆ ಒಯ್ಯುವುದು. ಕಾರ್ಡು ಸಿಗಲಿಲ್ಲವೆಂದು ಹೊರಡಲು ತಡಮಾಡಬಾರದು. ತುರ್ತಲ್ಲದ ಗುಳ್ಳೆಗಳ ಬಗ್ಗೆ ಸಂದೇಹವಿದ್ದಲ್ಲಿ, ಹೆರಿಗೆಯ ನಂತರ 42ನೇ ದಿನದವರೆಗೆ ಮನೆಭೇಟಿಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಬಹುದಾಗಿದೆ.