ಕಿರುಬೆರಳಿಗೆ ಬಿದ್ದ ಹೊರೆ

‘ಅವರು ನಾಳೆ ಬೆಂಗಳೂರಿಗೆ ಹೋಗುತ್ತಾರೆ.’ ಇಂಥ ಸಾದಾ ವಾಕ್ಯವನ್ನು ಬರಹ ತಂತ್ರಾಂಶದ ಉಚ್ಚಾರಣೆಯ ಕ್ರಮದಲ್ಲಿ ಹೊಡೆದು ನೋಡಿ:

```
avaru nALe beMgaLUrige hOguttAre
```

ಅಕ್ಷರದ ಕೀಲಿಗಳು 29. ಅವುಗಳಲ್ಲಿ ಏಳಕ್ಕೆ ಶಿಫ್ಟ್ ಬೇಕು. ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದರೆ ಶಿಫ್ಟ್ ಒತ್ತುವುದು ಎರಡೇ ಸಲ, ವಾಕ್ಯದ ಆರಂಭಕ್ಕೊಮ್ಮೆ, ಊರಿನ ಹೆಸರಿಗೊಮ್ಮೆ. ಕನ್ನಡದ ದೀರ್ಘ ಸ್ವರ, ಅನುಸ್ವಾರ ಮತ್ತು ಟ, ಡ, ಣ, ಳಗಳೆಲ್ಲ ದೊಡ್ಡಕ್ಷರದ ಪಾಲಿಗೆ ಬಂದಿರುವುದರಿಂದ ಆ ಭಾರ ನೇರವಾಗಿ ಕಿರುಬೆರಳಿನ ಮೇಲೆ ಬೀಳುತ್ತದೆ. ಪತ್ರ ಬರೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ಮುನ್ನೂರು ಪುಟದ ಪ್ರಬಂಧವನ್ನೋ ಕಾದಂಬರಿಯನ್ನೋ ಹೊಡೆಯಲು ಕೂತವರಿಗೆ ಮೂರನೇ ವಾರದಲ್ಲಿ ಗೊತ್ತಾಗುತ್ತದೆ.

ನೋವಿಗಿಂತ ಮೊದಲು ಅದು ಕಾಣಿಸುವುದು ಕರಡಿನಲ್ಲಿ. ದಣಿದ ಬೆರಳು ಶಿಫ್ಟನ್ನು ತಡವಾಗಿ ಮುಟ್ಟಿದರೆ ‘ನಾಳೆ’ ‘ನಾಲೆ’ ಆಗುತ್ತದೆ. ನಾಲೆಯೂ ಕನ್ನಡದಲ್ಲಿರುವ ಪದವೇ ಆದ್ದರಿಂದ ಕಾಗುಣಿತ ಪರೀಕ್ಷಕ ಸುಮ್ಮನಿರುತ್ತದೆ. ಬೆರಳು ಬಿಡುವುದು ತಡವಾದರೆ ‘ನಾಳೇ’. ಒಂದು ಪುಟದಲ್ಲಿ ಳ ಇರಬೇಕಾದಲ್ಲಿ ಲ, ಣ ಇರಬೇಕಾದಲ್ಲಿ ನ ಮತ್ತೆ ಮತ್ತೆ ಸಿಕ್ಕಿದರೆ ಅದನ್ನು ಲೇಖಕರ ಭಾಷಾಜ್ಞಾನದ ತಲೆಗೆ ಕಟ್ಟುವ ಮೊದಲು ಅವರ ಕೈಯನ್ನು ಗಮನಿಸುವುದು ಒಳ್ಳೆಯದು.

ಹೆಚ್ಚಿನವರ ಕೈ ಎಲ್ಲದಕ್ಕೂ ಎಡಗಡೆಯ ಶಿಫ್ಟನ್ನೇ ಹುಡುಕುತ್ತದೆ. L, M, U, O ಕೀಲಿಗಳು ಬಲಗೈಯವು, ಅವಕ್ಕೆ ಎಡ ಶಿಫ್ಟ್ ಸರಿ. ತೊಂದರೆ ಇರುವುದು ‘ಆ’ಕಾರದಲ್ಲಿ. A ಇರುವುದು ಎಡ ಕಿರುಬೆರಳಿನ ಕೆಳಗೆ, ಆ ಬೆರಳು ಶಿಫ್ಟಿಗೆ ಇಳಿದರೆ A ಒತ್ತಲು ಉಂಗುರದ ಬೆರಳು ವಾರೆಯಾಗಿ ಬರಬೇಕು, ಮಣಿಕಟ್ಟು ತಿರುಚಿಕೊಳ್ಳಬೇಕು. ಇದನ್ನು ಬಲ ಶಿಫ್ಟಿಗೆ ವಹಿಸಿದರೆ ಎರಡೂ ಕೈ ನೆಟ್ಟಗಿರುತ್ತವೆ. ಹಳೆಯ ಟೈಪಿಂಗ್ ತರಗತಿಯಲ್ಲಿ ಕಲಿತವರಿಗೆ ಇದು ಹೊಸದೇನಲ್ಲ, ತಾವೇ ಕಲಿತವರಿಗೆ ಹೊಸದು.

ಇನ್ನೊಂದು ದಾರಿ ಬರಹದೊಳಗೇ ಇದೆ. A ಬದಲು aa, I ಬದಲು ee, U ಬದಲು oo ಹೊಡೆಯಬಹುದು. ಮೇಲಿನ ವಾಕ್ಯ ಆಗ ಹೀಗಾಗುತ್ತದೆ:

```
avaru naaLe beMgaLoorige hOguttaare
```

ಕೀಲಿಗಳು 32ಕ್ಕೆ ಏರಿದವು, ಶಿಫ್ಟ್ ನಾಲ್ಕಕ್ಕೆ ಇಳಿಯಿತು. ಮೂರು ಹಗುರ ಹೊಡೆತ ಕೊಟ್ಟು ಮೂರು ಶಿಫ್ಟ್ ಉಳಿಸುವುದು ಲಾಭದ ವ್ಯಾಪಾರವೇ. ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದರೆ ನುಡಿ ಬಳಸುವವರ ಕೀಲಿಮಣೆಯಲ್ಲಿ, ಟ ಮತ್ತು ಡ ಶಿಫ್ಟಿಲ್ಲದ q, w ಕೀಲಿಗಳಿಗೆ ಹೋಗಿವೆ. ವ್ಯಂಜನದ ‘ಅ’ಕಾರಕ್ಕೆ ಬೇರೆ ಕೀಲಿಯೂ ಬೇಡ. ‘ಕರ್ನಾಟಕ’ ಎಂಬುದಕ್ಕೆ ಬರಹದಲ್ಲಿ karnATaka ಎಂದು ಒಂಬತ್ತು ಕೀಲಿ, ಎರಡು ಶಿಫ್ಟ್. ಅಲ್ಲಿ krfnAqk ಎಂದು ಏಳು ಕೀಲಿ, ಒಂದೇ ಶಿಫ್ಟ್. ಆದರೂ ಳ, ಣ, ಅನುಸ್ವಾರಗಳ ಶಿಫ್ಟ್ ಅಲ್ಲಿಯೂ ತಪ್ಪುವುದಿಲ್ಲ.

ಪದಸೂಚನೆ ಕೊಡುವ ಸಾಧನಗಳಲ್ಲಿ ಶಿಫ್ಟ್ ಬಹುಪಾಲು ಬೇಕಾಗುವುದಿಲ್ಲ. ಬದಲಿಗೆ kala ಎಂದು ಹೊಡೆದಾಗ ಕಲ, ಕಾಲ, ಕಳ, ಕಲಾಗಳಲ್ಲಿ ಯಾವುದು ಬಂತೆಂದು ಕಣ್ಣು ಕಾಯಬೇಕು. ನಾಲ್ಕು ಸಾಲಿನ ಸಂದೇಶಕ್ಕೆ ಅಡ್ಡಿಯಿಲ್ಲ. ಅಧ್ಯಾಯ ಬರೆಯುವಾಗ ಪದಪದಕ್ಕೂ ಪಟ್ಟಿ ನೋಡುವುದೆಂದರೆ ಯೋಚನೆಯೇ ತುಂಡಾಗುತ್ತದೆ.

ಕೀಲಿಮಣೆ ಕೊಳ್ಳುವವರು ಕನ್ನಡ ಅಕ್ಷರ ಅಚ್ಚಾಗಿದೆಯೇ ಎಂದು ಹುಡುಕುವುದುಂಟು. ಅಂಥವುಗಳ ಮೇಲಿರುವುದು ಸಾಮಾನ್ಯವಾಗಿ ಇನ್‌ಸ್ಕ್ರಿಪ್ಟ್ ವಿನ್ಯಾಸ, ಉಚ್ಚಾರಣೆಯ ಕ್ರಮದಲ್ಲಿ ಬರೆಯುವವರಿಗೆ ಅದು ಗೊಂದಲವೇ ಹೊರತು ನೆರವಲ್ಲ. ನೋಡಬೇಕಾದದ್ದು ಶಿಫ್ಟಿನ ಅಗಲ. ಭಾರತದಲ್ಲಿ ಮಾರುವ ಪೂರ್ಣಗಾತ್ರದ ಕೀಲಿಮಣೆಗಳಲ್ಲಿ ಸಾಮಾನ್ಯವಾಗಿ ಎಡ ಶಿಫ್ಟ್ ಸುಮಾರು 43 ಮಿ.ಮೀ., ಬಲದ್ದು 52 ಮಿ.ಮೀ. ಲಂಡನ್ನಿನಲ್ಲೋ ಜರ್ಮನಿಯಲ್ಲೋ ಕೊಂಡ ಲ್ಯಾಪ್‌ಟಾಪಿನಲ್ಲಿ ಎಡ ಶಿಫ್ಟಿನ ಪಕ್ಕ ಇನ್ನೊಂದು ಕೀಲಿ ತೂರಿರುತ್ತದೆ, ಶಿಫ್ಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿನ ಕನ್ನಡಿಗರು ಳ ಹೊಡೆಯುವಾಗೆಲ್ಲ ಬೆರಳನ್ನು ಇನ್ನಷ್ಟು ದೂರ ಚಾಚಬೇಕು.

ಶಿಫ್ಟ್ ಒತ್ತಿ ಹಿಡಿಯುವ ಕೀಲಿ, ಆದ್ದರಿಂದ ಗಟ್ಟಿ ಸ್ಪ್ರಿಂಗ್ ಕಿರುಬೆರಳಿಗೆ ಒಳ್ಳೆಯದಲ್ಲ. ಮೆಕ್ಯಾನಿಕಲ್ ಕೀಲಿಮಣೆ ಕೊಳ್ಳುವವರಿಗೆ 60 ಗ್ರಾಂಗಿಂತ 45 ಗ್ರಾಂ ಆಸುಪಾಸಿನ ಸ್ವಿಚ್ ಹಿತ. ಹಣ ಖರ್ಚು ಮಾಡದೆಯೂ ಒಂದು ಉಪಾಯವುಂಟು: ವಿಂಡೋಸಿನ ‘ಸ್ಟಿಕಿ ಕೀಸ್’. ಅದನ್ನು ಹಾಕಿಕೊಂಡರೆ ಶಿಫ್ಟ್ ಹಿಡಿಯಬೇಕಿಲ್ಲ, ಒಮ್ಮೆ ತಟ್ಟಿ ಬಿಟ್ಟು ಅಕ್ಷರ ಒತ್ತಿದರೆ ಸಾಕು. ತಮ್ಮ ಕನ್ನಡ ತಂತ್ರಾಂಶದೊಂದಿಗೆ ಅದು ಹೊಂದುತ್ತದೆಯೇ ಎಂದು ಒಂದು ಸಾಲು ಹೊಡೆದು ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಕನ್ನಡ ತಂತ್ರಾಂಶ ಇರಬೇಕೆಂದೇನೂ ಇಲ್ಲ. ಬಲ ಶಿಫ್ಟ್ ಹಿಡಿದು A, ಎಡ ಶಿಫ್ಟ್ ಹಿಡಿದು L ಬರುವಂತೆ nALe ಎಂದು ಹತ್ತು ಸಲ ವೇಗವಾಗಿ ಹೊಡೆದರೆ ಸಾಕು. ಚಿಕ್ಕ ಕೀಲಿಮಣೆಗಳಲ್ಲಿ ಬಾಣದ ಕೀಲಿಗೆ ಜಾಗ ಮಾಡಲು ಬಲ ಶಿಫ್ಟನ್ನು 33 ಮಿ.ಮೀ.ಗೆ ಕತ್ತರಿಸಿರುವುದುಂಟು. ಅಂಥದ್ದರಲ್ಲಿ ಬೆರಳು ಜಾರಿ ಮೇಲ್ಬಾಣಕ್ಕೆ ತಗುಲುತ್ತದೆ, ಕರ್ಸರ್ ಮೇಲಿನ ಸಾಲಿಗೆ ಹಾರಿ ‘ನಾಳೆ’ಯ ಉಳಿದರ್ಧ ಯಾವುದೋ ವಾಕ್ಯದ ನಡುವೆ ಹೋಗಿ ಕೂರುತ್ತದೆ.